ಮೂರನೇ ಸಾಲು

ಟೊರೊಂಟೊದ ಆ ತಮಿಳರ ಅಂಗಡಿಗೆ ಹೋಗಿದ್ದು ಸುಮ್ನೆ ಕರಿಬೇವಿಗೆ. ಹೊರಗೆ ಫೆಬ್ರವರಿಯ ಹಿಮ. ಅಕ್ಕಿ ಮೂಟೆಗಳ ಆಚೆಯಿಂದ ಯಾರೋ ಗುನುಗುವುದು ಕೇಳಿಸಿತು.

ನನಗೆ ಗೊತ್ತಿದ್ದ ರಾಗ. ಗೊತ್ತಿದ್ದದ್ದು ಎರಡೇ ಸಾಲು, ಅದೂ ಮಾತಿಲ್ಲದೆ.

ಬೇಳೆ ಸಾಲಿಗೆ ಓಡಿದೆ. ಇಲ್ಲ. ಫ್ರೀಜರ್ ಹತ್ತಿರ ಹೋದರೆ ಅದರ ಗುಂಯ್ ಸದ್ದಿನಲ್ಲಿ ರಾಗವೇ ಮುಳುಗಿತು. ತೆಂಗಿನಕಾಯಿ ಬುಟ್ಟಿ ಎಡವಿ ತಿರುಗಿದರೆ, ಅಜ್ಜಿಯೊಬ್ಬರು ಸ್ಟೂಲಿನ ಮೇಲೆ ಕೂತು ಕರಿಬೇವಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಹೆಬ್ಬೆರಳು ಹಸಿರಾಗಿತ್ತು.

"ಇನ್ನೊಂದು ಸಲ, ಪಾಟ್ಟಿ" ಎಂದೆ. ನನ್ನ ತಮಿಳು ಅಷ್ಟೇ.

ಅವರು ನಕ್ಕು ಹಾಡಿದರು. ಎರಡು ಸಾಲು ಮುಗಿಯಿತು. ಮೂರನೆಯದು ಬಂತು. ಅಲ್ಲಿ ರಾಗ ಮೇಲೆ ಹೋಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಲ್ಲೇ ನಿಂತು ಸಕಲೇಶಪುರಕ್ಕೆ ಫೋನ್ ಮಾಡಿದೆ. ಊರಲ್ಲಿ ಆಗಷ್ಟೇ ಬೆಳಗಾಗಿತ್ತು. ಅಮ್ಮನಿಗೆ ಗುನುಗಿ ತೋರಿಸಿದೆ.

"ನೀನು ನನ್ನ ತೂಗುವಾಗ ಹಾಡ್ತಿದ್ದದ್ದು ಅಲ್ವಾ?"

"ನಾನೆಲ್ಲಿ ತೂಗ್ದೆ? ಕಾಫಿ ಕುಯ್ಲಲ್ಲಿ ನನಗೆ ಪುರುಸೊತ್ತಿತ್ತಾ? ನಿನ್ನ ನೋಡ್ಕೊಂಡಿದ್ದು ಲೈನ್ ಮನೆ ಅಜ್ಜಿ ಕಣೋ. ಸೇಲಂ ಕಡೆಯೋರು."

ಇಷ್ಟು ವರ್ಷ ಅದನ್ನು ಕನ್ನಡದ ಜೋಗುಳ ಅಂದುಕೊಂಡಿದ್ದೆ.

"ಹೆಸರೇನಮ್ಮ ಅವರದ್ದು?"

ಅಮ್ಮ ಸುಮಾರು ಹೊತ್ತು ಸುಮ್ಮನಿದ್ದಳು. "ಅಜ್ಜಿ ಅಂತಲೇ ಕರೀತಿದ್ವಿ" ಎಂದಳು.

ಮನೆಗೆ ಬಂದು ಒಗ್ಗರಣೆಗೆ ಎಣ್ಣೆ ಇಟ್ಟೆ. ಕರಿಬೇವು ಅಂಗಡಿಯಲ್ಲೇ ಉಳಿದಿತ್ತು.