ಕನ್ನಡಕದ ಡಬ್ಬಿ

ರೈಲು ಹೊರಟು ಅರ್ಧ ಗಂಟೆಯಾದ ಮೇಲೆ ಗೊತ್ತಾಯಿತು, ಟಿಕೆಟ್ ಕಳೆದುಹೋಗಿದೆ ಅಂತ.

"ನಿನ್ನ ಹತ್ತಿರ ಇದೆಯಾ ನೋಡು ಪುಟ್ಟಾ," ಅಂದರು ಅಜ್ಜ.

ನನ್ನ ಹತ್ತಿರ ಹೇಗೆ ಇರುತ್ತದೆ? ಅಮ್ಮ ಪ್ಲಾಟ್‌ಫಾರ್ಮಿನಲ್ಲಿ ಅದನ್ನು ಅಜ್ಜನ ಕೈಗೇ ಕೊಟ್ಟಿದ್ದಳು. ಕೊಡುವಾಗ ಒಮ್ಮೆ ನನ್ನ ಮುಖ ನೋಡಿದ್ದಳು. ಸ್ವಲ್ಪ ಗಮನ ಇಟ್ಟಿರು ಅನ್ನುವ ನೋಟ. ನನಗೆ ಕಿಟಕಿ ಪಕ್ಕ ಕೂರುವ ಅವಸರ. ಟಿಕೆಟ್ ಎಲ್ಲಿಗೆ ಹೋಯಿತು ಅಂತ ನೋಡಲೇ ಇಲ್ಲ.

ಅಜ್ಜ ಅಂಗಿ ಜೇಬಿಗೆ ಮೂರು ಸಲ ಕೈ ಹಾಕಿದರು. ಮೂರನೇ ಸಲ ಜೇಬನ್ನೇ ಹೊರಗೆ ಎಳೆದು, ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ನೂಲಿನ ಉಂಡೆಯನ್ನು ಕಿತ್ತು ನೋಡಿದರು. ಆಮೇಲೆ ಚೀಲ. ಟವೆಲ್, ಮಾತ್ರೆ, ನೀರಿನ ಬಾಟಲಿ, ಮಡಚಿದ ಸ್ವೆಟರ್ ಎಲ್ಲಾ ಸೀಟಿನ ಮೇಲೆ ಬಂತು. ಎದುರು ಸೀಟಿನ ಆಂಟಿ ಮೊಬೈಲ್ ಟಾರ್ಚ್ ಹಾಕಿ ಕೆಳಗೆ ಬಗ್ಗಿ ಹುಡುಕಿದರು. ಒಂದು ಹಳೇ ಪೆನ್ನಿನ ಮುಚ್ಚಳ ಸಿಕ್ಕಿತು, ಅಷ್ಟೇ.

ನನ್ನ ಅಜ್ಜ 34 ವರ್ಷ ಸ್ಟೇಷನ್ನಿನ ಗೇಟಿನಲ್ಲಿ ನಿಂತು ಬೇರೆಯವರ ಟಿಕೆಟ್ ನೋಡಿದವರು. ಆಗಿನ ಟಿಕೆಟ್ ತೆಳು ಕಾಗದ ಅಲ್ಲ, ಬೆರಳುದ್ದದ ದಪ್ಪ ರಟ್ಟು. ಅದರ ಮೇಲೆ ತಾರೀಖನ್ನು ಯಂತ್ರದಲ್ಲಿ ಒತ್ತಿ ಕೊಡುತ್ತಿದ್ದರಂತೆ. ಪಂಚ್ ಮಾಡಿದರೆ ಅಂಚಿನಲ್ಲಿ ಪುಟ್ಟ ಕಚ್ಚು ಬೀಳುತ್ತಿತ್ತು. ನನಗೆ ಎಣಿಕೆ ಕಲಿಸಿದ್ದೇ ಅಂಥ ಹಳೇ ಟಿಕೆಟ್‌ಗಳನ್ನು ಜೋಡಿಸಿಕೊಂಡು. ಈಗಲೂ ಗಾಬರಿಯಾದರೆ ಅವರ ಹೆಬ್ಬೆರಳು ಪಕ್ಕದ ಬೆರಳನ್ನು ಒತ್ತುತ್ತದೆ. ಬಿಡುತ್ತದೆ, ಮತ್ತೆ ಒತ್ತುತ್ತದೆ. ಕೈಯಲ್ಲಿ ಪಂಚ್ ಇದೆಯೇನೋ ಅನ್ನುವ ಹಾಗೆ.

ಈ ಒಂದು ವರ್ಷದಿಂದ ಅವರಿಗೆ ಮರೆವು ಜಾಸ್ತಿ. ಗ್ಯಾಸ್ ಆರಿಸೋದು ಮರೆಯುತ್ತಾರೆ. ಒಮ್ಮೊಮ್ಮೆ ನನ್ನನ್ನು ಅಮ್ಮನ ಹೆಸರಿನಿಂದ ಕರೆಯುತ್ತಾರೆ. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಆದರೆ ಅವರಿಗೂ ಗೊತ್ತು ಅಂತ ನನಗೆ ಆವತ್ತು ಆ ಬೆರಳು ನೋಡಿದಾಗ ಅನ್ನಿಸಿತು.

ಬೋಗಿಯ ಆ ತುದಿಯಿಂದ ಟಿಸಿ ಬರುತ್ತಿರುವುದು ಕಾಣಿಸಿತು. ಅಜ್ಜ ಎದ್ದು ನಿಂತರು. ಕೂತುಕೊಂಡರು. ಮತ್ತೆ ಜೇಬಿಗೆ ಕೈ ಹಾಕಿದರು.

"ಟಿಕೆಟ್?"

ಅಜ್ಜನ ಬಾಯಿ ತೆರೆದುಕೊಂಡಿತು, ಮಾತು ಬರಲಿಲ್ಲ.

"ನಾನು ಕಳೆದುಬಿಟ್ಟೆ ಸರ್," ಅಂದೆ. "ಅಜ್ಜ ನನ್ನ ಕೈಗೆ ಕೊಟ್ಟಿದ್ದರು. ಬಾಗಿಲ ಹತ್ತಿರ ನಿಂತಿದ್ದಾಗ ಗಾಳಿಗೆ ಹಾರಿಹೋಯಿತು."

ಅಜ್ಜ ನನ್ನ ಕಡೆ ತಿರುಗಿದರು. ನಾನು ಟಿಸಿಯ ಕೈಯಲ್ಲಿದ್ದ ಪಟ್ಟಿಯನ್ನೇ ನೋಡುತ್ತಾ ಕೂತೆ. ಅವರು ಸೀಟ್ ನಂಬರ್ ನೋಡಿದರು, ಹೆಸರು ಕೇಳಿದರು, ಅಜ್ಜನ ಗುರುತಿನ ಚೀಟಿ ನೋಡಿದರು. ಎಲ್ಲಾ ಸರಿ ಇತ್ತು. ಆದರೂ ಸ್ವಲ್ಪ ಹಣ ಕಟ್ಟಬೇಕು ಅಂದರು. ಬಣ್ಣದ ಪೆನ್ಸಿಲ್ಲಿಗೆ ಅಂತ ಕೂಡಿಟ್ಟಿದ್ದನ್ನು ತೆಗೆದು ಕೊಟ್ಟೆ. ತಪ್ಪು ನನ್ನದು ಅಂದ ಮೇಲೆ ದುಡ್ಡೂ ನಾನೇ ಕೊಡಬೇಕಲ್ವಾ? ಟಿಸಿ ಒಂದು ರಸೀದಿ ಬರೆದು ಹರಿದು ಕೊಟ್ಟು, ಮುಂದಿನ ಸೀಟುಗಳ ಕಡೆ ಹೋದರು.

"ಏನು ಬರೆದಿದ್ದಾರೆ ನೋಡೋಣ. ಕನ್ನಡಕ ಕೊಡು," ಅಂದರು ಅಜ್ಜ.

ಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಮುಚ್ಚಳ ಎತ್ತಿದೆ. ಗಾಜು ಒರೆಸುವ ಬಟ್ಟೆಯ ಕೆಳಗೆ, ನಾಲ್ಕು ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿ, ಟಿಕೆಟ್ ಇತ್ತು.

ಟಿಸಿ ಇನ್ನೂ ದೂರ ಹೋಗಿರಲಿಲ್ಲ. ಕೂಗಿದ್ದರೆ ಕೇಳಿಸುತ್ತಿತ್ತು. ನಾನು ಟಿಕೆಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕನ್ನಡಕ ಕೊಟ್ಟೆ.

ಅಜ್ಜ ರಸೀದಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದರು. ತಾರೀಖಿನ ಮೇಲೆ ಬೆರಳಿಟ್ಟರು. ಸಹಿ ನೋಡಿದರು. ಎಷ್ಟೋ ತಿಂಗಳಾದ ಮೇಲೆ ಅವರ ಮುಖದಲ್ಲಿ ಆ ಗೇಟಿನ ಅಜ್ಜನನ್ನು ಕಂಡೆ.

"ಸರಿಯಾಗಿ ಬರೆದಿದ್ದಾರೆ," ಅಂದರು. ಆಮೇಲೆ ಮೆಲ್ಲಗೆ, "ನಿನ್ನ ಹತ್ತಿರ ಇದ್ದರೆ ಇದೂ ಹಾರಿಹೋಗುತ್ತೆ. ನಾನೇ ಇಟ್ಕೊಳ್ಳಲಾ?"

"ಇಟ್ಕೊಳ್ಳಿ ಅಜ್ಜಾ."

ಅವರು ರಸೀದಿಯನ್ನು ನಾಲ್ಕು ಮಡಿಕೆ ಮಾಡಿದರು. ಉಗುರಿನಿಂದ ಮಡಿಕೆ ಒತ್ತಿದರು. ಡಬ್ಬಿಯೊಳಗೆ, ಬಟ್ಟೆಯ ಕೆಳಗೆ ಇಟ್ಟು ಮುಚ್ಚಳ ಹಾಕಿದರು. ಈ ಸಲ ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.