ದ್ವಿತೀಯ ಪಿಯುಸಿ ಜೀವಶಾಸ್ತ್ರ: ಶಕ್ತಿಯ ಹರಿವು ಮತ್ತು ಆಹಾರ ಸರಪಳಿ – ಪ್ರಶ್ನೆಗಳು, ಮಾದರಿ ಉತ್ತರಗಳು

ಪ್ರಶ್ನೆ 1. ಪರಿಸರ ವ್ಯವಸ್ಥೆಯಲ್ಲಿ ಶಕ್ತಿಯ ಹರಿವು ಏಕಮುಖವಾದುದು ಎನ್ನುವುದನ್ನು ವಿವರಿಸಿ. (2 ಅಂಕ)

ಉತ್ತರ: ಭೂಮಿಯನ್ನು ತಲುಪುವ ಸೌರವಿಕಿರಣದಲ್ಲಿ ದ್ಯುತಿಸಂಶ್ಲೇಷಣೆಗೆ ಒದಗುವ ಭಾಗ ಅರ್ಧಕ್ಕಿಂತ ಕಡಿಮೆ, ಅದರಲ್ಲೂ ಸಸ್ಯಗಳು ಹಿಡಿದಿಡುವುದು ಶೇ. 2ರಿಂದ 10ರಷ್ಟನ್ನು ಮಾತ್ರ. ಆ ಶಕ್ತಿ ಸಸ್ಯದಿಂದ ಸಸ್ಯಾಹಾರಿಗೆ, ಅಲ್ಲಿಂದ ಮಾಂಸಾಹಾರಿಗೆ ಸಾಗುತ್ತದೆ. ಪ್ರತಿ ಜೀವಿಯ ಉಸಿರಾಟದಲ್ಲಿ ಉಷ್ಣವಾಗಿ ಹೊರಬಿದ್ದ ಪಾಲನ್ನು ಯಾವ ಸಸ್ಯವೂ ಮರಳಿ ಪಡೆದು ಆಹಾರವಾಗಿಸಲಾರದು. ಸಾರಜನಕ, ರಂಜಕಗಳು ವಿಘಟಕರ ಮೂಲಕ ಮಣ್ಣಿಗೆ ಹಿಂದಿರುಗುತ್ತವೆ, ಶಕ್ತಿ ಹಿಂದಿರುಗುವುದಿಲ್ಲ.

ಪ್ರಶ್ನೆ 2. ಒಂದು ಗದ್ದೆಯಲ್ಲಿ ಭತ್ತ → ಮಿಡತೆ → ಕಪ್ಪೆ → ಕೇರೆಹಾವು → ಹದ್ದು ಎಂಬ ಸರಪಳಿಯಿದೆ. ಭತ್ತದ ನಿವ್ವಳ ಉತ್ಪಾದನೆ 40,000 ಕಿಲೋಜೂಲ್ ಆಗಿದ್ದರೆ ಹದ್ದಿನ ಸ್ತರಕ್ಕೆ ದೊರೆಯುವ ಶಕ್ತಿ ಎಷ್ಟು? ಇಂಥ ಸರಪಳಿಗಳು ಉದ್ದವಾಗಿ ಬೆಳೆಯುವುದಿಲ್ಲವೇಕೆ? (3 ಅಂಕ)

ಉತ್ತರ: ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ವಿಚಾರಗಳಿಂದ ರೂಪುಗೊಂಡ ಶೇ. 10ರ ನಿಯಮದಂತೆ ಮಿಡತೆಗೆ 4,000, ಕಪ್ಪೆಗೆ 400, ಹಾವಿಗೆ 40, ಹದ್ದಿಗೆ 4 ಕಿಲೋಜೂಲ್ ದೊರೆಯುತ್ತದೆ. ಇನ್ನೂ ಒಂದು ಸ್ತರ ಸೇರಿದರೆ ಅದಕ್ಕೆ ಉಳಿಯುವುದು 0.4 ಕಿಲೋಜೂಲ್, ಅಷ್ಟರಲ್ಲಿ ಒಂದು ಸಂತತಿ ಬದುಕಿ ವಂಶ ಬೆಳೆಸುವುದು ಸಾಧ್ಯವಿಲ್ಲ. ಆದ್ದರಿಂದಲೇ ಸರಪಳಿಗಳು ಸಾಮಾನ್ಯವಾಗಿ ನಾಲ್ಕೈದು ಸ್ತರಗಳಿಗೆ ಮುಗಿಯುತ್ತವೆ.

ಗಮನಿಸಿ: ಉಳಿದ ಶೇ. 90 ಪೂರ್ತಿ ಉಷ್ಣವಾಗಿ ಹೋಯಿತೆಂದು ಬರೆಯುವುದು ತಪ್ಪು. ಮಿಡತೆ ಮುಟ್ಟದ ಬೇರು, ಕೂಳೆ, ಹುಲ್ಲು ಮತ್ತು ಅದು ಜೀರ್ಣಿಸಿಕೊಳ್ಳದೆ ಹಿಕ್ಕೆಯಾಗಿ ಬಿಟ್ಟ ಭಾಗ ವಿಘಟಕರ ಪಾಲಾಗುತ್ತವೆ. ನೆಲದ ಮೇಲಿನ ಪರಿಸರ ವ್ಯವಸ್ಥೆಗಳಲ್ಲಿ ಹೆಚ್ಚಿನ ಶಕ್ತಿ ಹರಿಯುವುದು ಈ ಕೊಳೆವಸ್ತುವಿನ ಸರಪಳಿಯಲ್ಲೇ ಆದರೂ ಉತ್ತರಗಳಲ್ಲಿ ಅದರ ಮಾತೇ ಇರುವುದಿಲ್ಲ.

ಪ್ರಶ್ನೆ 3. ಸಂಖ್ಯಾ ಪಿರಮಿಡ್ ತಲೆಕೆಳಗಾಗುವುದು ಹೇಗೆ? ಉದಾಹರಣೆಯೊಂದಿಗೆ ವಿವರಿಸಿ. (5 ಅಂಕ)

ಉತ್ತರ: ಸಂಖ್ಯಾ ಪಿರಮಿಡ್ ಪ್ರತಿ ಸ್ತರದಲ್ಲಿರುವ ಜೀವಿಗಳ ತಲೆ ಎಣಿಸುತ್ತದೆಯೇ ಹೊರತು ಅವುಗಳ ಗಾತ್ರವನ್ನಾಗಲಿ, ತೂಕವನ್ನಾಗಲಿ ನೋಡುವುದಿಲ್ಲ. ಹುಲ್ಲುಗಾವಲಿನಲ್ಲಿ ಉತ್ಪಾದಕ ಜೀವಿಗಳು ಚಿಕ್ಕವು, ಲೆಕ್ಕವಿಲ್ಲದಷ್ಟು. ಆದ್ದರಿಂದ ಪಿರಮಿಡ್ಡಿನ ಬುಡ ಅಗಲವಾಗಿರುತ್ತದೆ. ಉತ್ಪಾದಕ ಒಂದೇ ಒಂದು ದೊಡ್ಡ ಮರವಾದರೆ ಚಿತ್ರ ಬದಲಾಗುತ್ತದೆ. ಹೂಬಿಟ್ಟ ಮಾವಿನ ಮರವೊಂದರಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಜಿಗಿಹುಳುಗಳು ಸಾವಿರಗಟ್ಟಲೆ ರಸ ಹೀರುತ್ತಿರಬಹುದು. ಎಣಿಕೆಯಲ್ಲಿ ಮರ ಮಾತ್ರ ‘ಒಂದು’. ಟನ್‌ಗಟ್ಟಲೆ ತೂಗುವ, ವರ್ಷವಿಡೀ ಸೂರ್ಯನ ಬೆಳಕನ್ನು ಹಿಡಿಯುವ ಆ ಒಂದು ಜೀವಿ ಅಷ್ಟು ಕೀಟಗಳನ್ನು ಸಾಕಬಲ್ಲದು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಉತ್ತರ ಅರ್ಧವಾಗುತ್ತದೆ. ಜಿಗಿಹುಳುಗಳನ್ನು ತಿನ್ನುವ ಜೇಡಗಳು ಹುಳುಗಳಿಗಿಂತ ಕಡಿಮೆ, ಜೇಡಗಳನ್ನು ಹಿಡಿಯುವ ಹಕ್ಕಿಗಳು ಇನ್ನೂ ಕಡಿಮೆ. ಹೀಗಾಗಿ ಈ ಪಿರಮಿಡ್ ನಡುವೆ ಉಬ್ಬಿ ಎರಡೂ ತುದಿ ಕಿರಿದಾದ ಕದಿರಿನ ಆಕಾರ ತಾಳುತ್ತದೆ. ಪೂರ್ಣ ತಲೆಕೆಳಗಾದ ಪಿರಮಿಡ್ ಕಾಣಬೇಕಾದರೆ ಪರಾವಲಂಬಿಗಳ ಸರಪಳಿಯನ್ನೇ ಹಿಡಿಯಬೇಕು. ಮರವೊಂದರ ಎಲೆ ತಿನ್ನುವ ಕಂಬಳಿಹುಳುಗಳು ನೂರಾರು. ಅವುಗಳಲ್ಲಿ ಕೆಲವದರ ಮೈಮೇಲೆ ಅಕ್ಕಿಕಾಳಿನಂತೆ ಬೆಳ್ಳಗೆ, ಒತ್ತೊತ್ತಾಗಿ ಏನೋ ಅಂಟಿಕೊಂಡಿರುತ್ತದೆ. ನೋಡಿದವರು ಅವನ್ನು ಹುಳುವಿನ ಮೊಟ್ಟೆಗಳೆಂದು ತಿಳಿಯುತ್ತಾರೆ. ಅವು ಹುಳುವನ್ನು ಒಳಗಿನಿಂದ ತಿಂದು, ಚರ್ಮ ಸೀಳಿ ಹೊರಬಂದ ಪರಾವಲಂಬಿ ಕಣಜದ ಮರಿಗಳು ನೇಯ್ದ ರೇಷ್ಮೆಗೂಡುಗಳು. ಒಂದೊಂದು ಹುಳುವಿನಿಂದ ಹೀಗೆ ಹತ್ತಾರು ಕಣಜಗಳು ಹೊರಡುತ್ತವೆ. ಬಹುಪಾಲು ಹುಳುಗಳಿಗೆ ಈ ಪರಾವಲಂಬಿ ತಗುಲಿದ್ದರೆ ಮರ ಒಂದು, ಹುಳು ನೂರಾರು, ಕಣಜ ಸಾವಿರಾರು. ಬುಡ ಕಿರಿದು, ತುದಿ ಅಗಲ.

ಬೇಟೆಗಾರ ಜೀವಿ ಸಾಮಾನ್ಯವಾಗಿ ತನ್ನ ಆಹಾರಕ್ಕಿಂತ ದೊಡ್ಡದು, ಅದಕ್ಕೆ ಬದುಕಲು ಅನೇಕ ಬಲಿಗಳು ಬೇಕು. ಪರಾವಲಂಬಿ ತನ್ನ ಆಶ್ರಯದಾತನಿಗಿಂತ ಚಿಕ್ಕದು, ಅನೇಕ ಪರಾವಲಂಬಿಗಳಿಗೆ ಒಂದೇ ದೇಹ ಸಾಕು. ತಲೆಕೆಳಗಾಗುವಿಕೆಯ ಕಾರಣ ಇದೇ. ಈ ವಾಕ್ಯವಿಲ್ಲದೆ ಬರೀ ಚಿತ್ರ ಬರೆದವರಿಗೆ ಪೂರ್ಣ ಅಂಕ ಸಲ್ಲದು.

ಪ್ರಶ್ನೆ 4. ಸಮುದ್ರದಲ್ಲಿ ಜೀವರಾಶಿಯ ಪಿರಮಿಡ್ ಸಹ ತಲೆಕೆಳಗಾಗಿರಬಹುದು. ಏಕೆ? (2 ಅಂಕ)

ಉತ್ತರ: ಸಸ್ಯಪ್ಲವಕಗಳು ಬೇಗ ವೃದ್ಧಿಯಾಗಿ ಅಷ್ಟೇ ಬೇಗ ಆಹಾರವಾಗಿ ಹೋಗುವುದರಿಂದ ಒಂದು ಗಳಿಗೆಯಲ್ಲಿ ತೂಗಿದರೆ ಅವುಗಳ ರಾಶಿ ಪ್ರಾಣಿಪ್ಲವಕಗಳ ರಾಶಿಗಿಂತ ಕಡಿಮೆ ಕಾಣಬಹುದು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಈಗಿರುವ ಹಣಕ್ಕೂ ದಿನದ ವ್ಯಾಪಾರಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ.

ಪ್ರಶ್ನೆ 5. ಶಕ್ತಿಯ ಪಿರಮಿಡ್ ಎಂದಾದರೂ ತಲೆಕೆಳಗಾಗುವುದೇ? (1 ಅಂಕ)

ಉತ್ತರ: ಇಲ್ಲ. ಒಂದು ಅವಧಿಯಲ್ಲಿ ಹರಿದ ಶಕ್ತಿಯನ್ನು ಅಳೆದಾಗ, ಮೂರನೆಯ ಪ್ರಶ್ನೆಯ ಸಾವಿರಾರು ಕಣಜಗಳು ಸೇರಿ ಪಡೆದದ್ದು ಕಂಬಳಿಹುಳುಗಳು ಪಡೆದುದಕ್ಕಿಂತ ಕಡಿಮೆ, ಕಂಬಳಿಹುಳುಗಳು ಪಡೆದದ್ದು ಮರ ಹಿಡಿದಿಟ್ಟುದಕ್ಕಿಂತ ಕಡಿಮೆ.