ಮೇಷ್ಟ್ರ ಚಾಳೀಸು

ಸಿದ್ದಪ್ಪನಿಗೆ 46 ವರ್ಷ. ಉದ್ರಿ ಪುಸ್ತಕವನ್ನು ಕೈ ಚಾಚಿ ದೂರ ಹಿಡಿದರೂ ಅಕ್ಷರ ಕಾಣದ ಹಾಗಾದಾಗ, ಪಕ್ಕದ ಮನೆ ಮೇಷ್ಟ್ರ ಚಾಳೀಸು ಇಸ್ಕೊಂಡ. ಹಾಕಿದ ತಕ್ಷಣ ಅಕ್ಷರವೆಲ್ಲ ದಪ್ಪಗೆ ಎದ್ದು ಬಂದವು.

"ಇಷ್ಟಕ್ಕೆ ಯಾಕೆ ಡಾಕ್ಟ್ರು, ಅಲ್ವಾ ಮೇಷ್ಟ್ರೇ?"

"ಇಟ್ಕೋ ಮಾರಾಯ, ನನ್ನ ಹತ್ರ ಇನ್ನೊಂದಿದೆ."

ಆದರೆ ಪುಸ್ತಕವನ್ನು ಮೂಗಿನ ಹತ್ತಿರ ತಂದರೆ ಮಾತ್ರ ಸರಿಯಾಗಿ ಕಾಣುತ್ತಿತ್ತು. ತಲೆ ಎತ್ತಿ ನೋಡಿದರೆ ಗಿರಾಕಿಯ ಮುಖ ಮಸುಕು. ಸಂಜೆ ಆಗುತ್ತಿದ್ದಂತೆ ಹುಬ್ಬಿನ ಮೇಲೆ ನೋವು ಶುರು. ಒಂದು ದಿನ ಒಬ್ಬರ ಸಾಲವನ್ನು ಕೆಳಗಿನ ಸಾಲಿನವರ ಹೆಸರಿಗೆ ಬರೆದುಬಿಟ್ಟ. ಅವರು ಸುಮ್ನೆ ಬಿಡ್ತಾರಾ? ಅಂಗಡಿ ಮುಂದೆ ನಿಂತು ಊರಿಗೆಲ್ಲ ಕೇಳುವ ಹಾಗೆ ಬೈದರು. ಹೆಂಡತಿ ಮರುದಿನವೇ ಅವನನ್ನು ತಾಲ್ಲೂಕಿನ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಪರೀಕ್ಷೆ ಮಾಡುವ ಹುಡುಗಿ ಮೊದಲು ಮೇಷ್ಟ್ರ ಕನ್ನಡಕವನ್ನೇ ಯಂತ್ರದಲ್ಲಿಟ್ಟು ನೋಡಿದಳು.

"ಇದು ಎರಡೂ ಕಡೆ ಪ್ಲಸ್ 2.50. ನಿಮಗೆ ಬೇಕಾಗಿರೋದು 1.50. ಎಡಗಣ್ಣಿಗೆ ಸಿಲಿಂಡರ್ ನಂಬರ್ ಬೇರೆ ಇದೆ. ಇದನ್ನ ಹಾಕ್ಕೊಂಡ್ರೆ ತಲೆ ನೋಯದೆ ಇನ್ನೇನಾಗುತ್ತೆ ಅಣ್ಣ?"

"ಕಣ್ಣು ಹಾಳಾಯ್ತೇನಮ್ಮ ಇದ್ರಿಂದ?"

"ಕನ್ನಡಕದಿಂದ ಹಾಳಾಗಲ್ಲ. ಆದ್ರೆ ಕಣ್ಣಿನ ಪ್ರೆಶರ್ ಒಂದ್ಸಲ ನೋಡಬೇಕು, ಅಲ್ಲಾಡಬೇಡಿ."

ಎಡಗಣ್ಣಿನದು 28 ಬಂತು. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದಂತೆ. ಅವಳು ಇನ್ನೊಮ್ಮೆ ನೋಡಿದಳು, ಮತ್ತೆ ಅಷ್ಟೇ. ಆಮೇಲೆ ಕಣ್ಣಿಗೆ ಡ್ರಾಪ್ಸ್ ಹಾಕಿ, ಪಾಪೆ ಅಗಲವಾಗುವ ತನಕ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ಒಳಗಿನ ನರಕ್ಕೆ ಬೆಳಕು ಬಿಟ್ಟು ನೋಡಿದರು. ಒಂದು ಕಣ್ಣು ಮುಚ್ಚಿಸಿ, ಮಿಣುಕುವ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಿಸುವ ಪರೀಕ್ಷೆಯನ್ನೂ ಮಾಡಿಸಿದರು. ಎಡಗಣ್ಣಿನ ಸರದಿಯಲ್ಲಿ ಸಿದ್ದಪ್ಪ ಎಷ್ಟೋ ಹೊತ್ತು ಗುಂಡಿ ಒತ್ತಲೇ ಇಲ್ಲ. ಯಂತ್ರ ನಿಂತಿರಬೇಕು ಅಂದುಕೊಂಡಿದ್ದ.

"ಗ್ಲಾಕೋಮಾ ಶುರುವಾಗಿದೆ," ಅಂದರು ಡಾಕ್ಟರು. "ನೋವಿರಲ್ಲ, ಅಂಚಿನ ನೋಟ ಮೊದಲು ಹೋಗುತ್ತೆ. ಇನ್ನೊಂದು ಕಣ್ಣು ಸರಿದೂಗಿಸಿಕೊಂಡು ಹೋಗುತ್ತೆ, ಅದಕ್ಕೇ ಗೊತ್ತಾಗಲ್ಲ. ಹೋಗಿದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡಬೇಕು ಅಂದ್ರೆ ದಿನಾ ರಾತ್ರಿ ಡ್ರಾಪ್ಸ್ ತಪ್ಪಿಸೋ ಹಾಗಿಲ್ಲ."

"ಮತ್ತೆ ಓದೋದು ಚೆನ್ನಾಗೇ ಕಾಣ್ತಿತ್ತಲ್ಲ ಸಾರ್?"

"ಓದೋದು ನಡುವಿನ ನೋಟದಲ್ಲಿ. ಅದು ಕೊನೆಗೆ ಹೋಗೋದು. ಕನ್ನಡಕ ಸರಿಯಾಗಿ ಕೂತಿದ್ರೆ ನೀವು ಇಲ್ಲಿಗೆ ಬರ್ತಾನೇ ಇರಲಿಲ್ಲವೇನೋ."

ಹೊಸ ಕನ್ನಡಕ ಬಂದ ದಿನ ಸಿದ್ದಪ್ಪ ಚಾಳೀಸು ಹಿಂತಿರುಗಿಸಲು ಹೋದ. ಕಥೆಯನ್ನೆಲ್ಲ ಹೇಳಿ, "ನಿಮಗೆ ಇದನ್ನ ಯಾವ ಡಾಕ್ಟ್ರು ಬರೆದುಕೊಟ್ಟಿದ್ದು ಮೇಷ್ಟ್ರೇ?" ಅಂತ ಕೇಳಿದ.

ಮೇಷ್ಟ್ರು ಅದನ್ನು ಪಂಚೆಯ ತುದಿಯಲ್ಲಿ ಒರೆಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಂದಲ್ಲಪ್ಪ ಅದು, ನಮ್ಮ ಮಾವನವರದ್ದು. ಇನ್ನೊಂದು ನಮ್ಮತ್ತೆಯವರದ್ದು."

"ಚಪ್ಪಲಿ ಹಾಕ್ಕೊಳ್ಳಿ," ಅಂದ ಸಿದ್ದಪ್ಪ. "ಹತ್ತೂವರೆ ಬಸ್ಸು ಇನ್ನೂ ಬಂದಿಲ್ಲ."